ಚೈನ್, ಬೆಲ್ಟ್, ಶಾಫ್ಟ್: ಯಾವುದನ್ನು ಹೇಗೆ ನೋಡಿಕೊಳ್ಳಬೇಕು, ಸವೆತ ಹೇಗೆ ಗೊತ್ತಾಗುತ್ತದೆ

ಬೈಕ್ ಕೊಳ್ಳುವ ಮೊದಲು ಒಂದು ಪ್ರಶ್ನೆ, ಕೊಂಡ ಮೇಲೆ ಇನ್ನೊಂದು. ಕೊಳ್ಳುವ ಮೊದಲು ಕೇಳುವುದು "ಚೈನ್ ಒಳ್ಳೇದಾ, ಬೆಲ್ಟಾ, ಶಾಫ್ಟಾ?" ಅಂತ. ಕೊಂಡ ಮೇಲೆ "ಚೈನ್ ಎಷ್ಟು ಲೂಸ್ ಇರಬೇಕು, ಯಾವಾಗ ಬದಲಾಯಿಸಬೇಕು?" ಅಂತ. ಈ ಎರಡಕ್ಕೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಯಾಕೆಂದರೆ ಎರಡನೇ ಪ್ರಶ್ನೆಯನ್ನು ಸರಿಯಾಗಿ ತಿಳಿದುಕೊಂಡರೆ ಮೊದಲನೆಯದಕ್ಕೆ ನೀವೇ ಉತ್ತರ ಹೇಳಿಕೊಳ್ಳಬಹುದು.

ಮೂರೂ ಮಾಡುವ ಕೆಲಸ ಒಂದೇ. ಗೇರ್ ಬಾಕ್ಸಿನಿಂದ ಹೊರಬರುವ ತಿರುಗುವಿಕೆಯನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸಬೇಕು, ಅಷ್ಟೇ. ಇದನ್ನು ಫೈನಲ್ ಡ್ರೈವ್ ಅನ್ನುತ್ತಾರೆ. ಚೈನ್ ಇದನ್ನು ಕಣ್ಣೆದುರೇ ಮಾಡುತ್ತದೆ, ಕಣ್ಣೆದುರೇ ಸವೆಯುತ್ತದೆ. ಬೆಲ್ಟ್ ಬಹಳ ಕಾಲ ಏನೂ ಕೇಳುವುದಿಲ್ಲ, ಆದರೆ ಹೋಗುವಾಗ ಒಮ್ಮೆಲೇ ಹೋಗಬಹುದು. ಶಾಫ್ಟಿನ ಸವೆತ ಎಣ್ಣೆಯೊಳಗೆ ಮುಚ್ಚಿರುತ್ತದೆ, ಎಣ್ಣೆ ತೆಗೆದು ನೋಡದೆ ಗೊತ್ತಾಗುವುದಿಲ್ಲ. ಚೈನಿನ ಮೇಲೆ ಜಾಸ್ತಿ ಬರೆಯುತ್ತೇನೆ, ಏಕೆಂದರೆ ಹೆಚ್ಚಿನವರ ಬೈಕಿನಲ್ಲಿ ಇರುವುದು ಅದೇ, ತಪ್ಪು ಮಾಡಲು ಅವಕಾಶ ಜಾಸ್ತಿ ಇರುವುದೂ ಅದರಲ್ಲೇ.

ಬೇಕಾಗುವ ಸಾಮಾನು

ನಿಮ್ಮ ಬೈಕಿನ ಮ್ಯಾನುಯಲ್ ಮೊದಲು ಬೇಕು. ಇಲ್ಲಿ ನಾನು ಕೊಡುವ ಅಂಕಿಗಳು ಅಂದಾಜು ತಿಳಿಯಲಿಕ್ಕೆ, ಕೊನೆಯ ಮಾತು ಮ್ಯಾನುಯಲ್‌ನದ್ದೇ. ಹಿಂದಿನ ಚಕ್ರ ನೆಲ ಬಿಟ್ಟು ತಿರುಗುವಂತೆ ಸೆಂಟರ್ ಸ್ಟ್ಯಾಂಡ್ ಅಥವಾ ಪ್ಯಾಡಾಕ್ ಸ್ಟ್ಯಾಂಡ್ ಬೇಕು. ಒಂದು ಉಕ್ಕಿನ ಸ್ಕೇಲು, ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆ ನೈಲಾನ್ ಬ್ರಷ್, ಹಳೇ ಬಟ್ಟೆ, ಚೈನ್ ಲ್ಯೂಬ್, ಆಕ್ಸಲ್ ನಟ್‌ಗೆ ಹೊಂದುವ ಸ್ಪ್ಯಾನರ್, ಸಾಧ್ಯವಾದರೆ ಟಾರ್ಕ್ ವ್ರೆಂಚ್. ಟಾರ್ಕ್ ವ್ರೆಂಚ್ ಅಂದರೆ ನಟ್ ಎಷ್ಟು ಬಲದಲ್ಲಿ ಬಿಗಿಯಾಯಿತು ಅಂತ ತೋರಿಸುವ ಸ್ಪ್ಯಾನರ್. ಬೆಲ್ಟ್ ಬೈಕ್ ಇದ್ದರೆ ಒಂದು ಸ್ಪ್ರಿಂಗ್ ತಕ್ಕಡಿ ಅಥವಾ ಬೆಲ್ಟ್ ಟೆನ್ಷನ್ ಗೇಜ್ ಕೂಡ ಬೇಕು.

ಶುರು ಮಾಡುವ ಮೊದಲೇ ಒಂದು ಎಚ್ಚರಿಕೆ. ಎಂಜಿನ್ ಆನ್ ಮಾಡಿ, ಗೇರ್ ಹಾಕಿ, ಚಕ್ರ ತಾನೇ ತಿರುಗುತ್ತಿರುವಾಗ ಚೈನ್ ಒರೆಸುವುದನ್ನು ನೀವು ನೋಡಿರಬಹುದು. ದಯವಿಟ್ಟು ಮಾಡಬೇಡಿ. ಬಟ್ಟೆಯ ತುದಿ ಸ್ಪ್ರಾಕೆಟ್ಟಿಗೆ, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರಕ್ಕೆ, ಸಿಕ್ಕರೆ ಅದರ ಹಿಂದೆಯೇ ಬೆರಳು ಹೋಗುತ್ತದೆ, ಕೈ ಹಿಂದೆಗೆಯಲು ಸಮಯವೇ ಸಿಗುವುದಿಲ್ಲ. ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಚಕ್ರ ಕೈಯಿಂದ ತಿರುಗಿಸುವುದು. ಇದರಲ್ಲಿ ರಾಜಿ ಇಲ್ಲ.

ಹಂತ 1: ಚೈನ್ ತೊಳೆದು ಲ್ಯೂಬ್ ಹಾಕುವುದು

ಮೊದಲು ನಿಮ್ಮದು ಯಾವ ಚೈನ್ ಅಂತ ನೋಡಿ. ಈಗಿನ ಮಧ್ಯಮ ಮತ್ತು ದೊಡ್ಡ ಬೈಕುಗಳಲ್ಲಿ ಸಾಮಾನ್ಯವಾಗಿ ಇರುವುದು ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನ್. ಪ್ರತಿ ಲಿಂಕಿನ ಪಕ್ಕದ ಪಟ್ಟಿಗಳ ನಡುವೆ ಸಣ್ಣ ಕಪ್ಪು ರಬ್ಬರ್ ಉಂಗುರ ಕಾಣಿಸುತ್ತದೆ. ಒಳಗೆ ಪಿನ್ ಮತ್ತು ಬುಷ್ ಉಜ್ಜಿಕೊಳ್ಳುವ ಜಾಗಕ್ಕೆ ಫ್ಯಾಕ್ಟರಿಯಲ್ಲೇ ಗ್ರೀಸ್ ತುಂಬಿರುತ್ತಾರೆ, ಆ ಉಂಗುರ ಅದನ್ನು ಒಳಗೇ ಹಿಡಿದಿಡುತ್ತದೆ. ಹಾಗಾದರೆ ನಾವು ಹೊರಗಿನಿಂದ ಹಾಕುವ ಲ್ಯೂಬ್ ಯಾಕೆ? ರಬ್ಬರ್ ಒಣಗಿ ಬಿರಿಯಬಾರದು, ಲೋಹಕ್ಕೆ ತುಕ್ಕು ಹಿಡಿಯಬಾರದು, ರೋಲರ್ ಮತ್ತು ಸ್ಪ್ರಾಕೆಟ್ ಹಲ್ಲು ಒಣಗಿ ಉಜ್ಜಬಾರದು, ಈ ಮೂರಕ್ಕೆ. ಒಳಗಿನ ಗ್ರೀಸ್ ಒಮ್ಮೆ ಹೋದರೆ ಎಷ್ಟು ಲ್ಯೂಬ್ ಸುರಿದರೂ ಅದು ವಾಪಸ್ ಬರುವುದಿಲ್ಲ.

ಅದಕ್ಕೇ ತೊಳೆಯುವಾಗ ರಬ್ಬರಿನ ಮೇಲೆ ಗಮನ ಇರಲಿ. ಸೀಮೆಎಣ್ಣೆ ಪರವಾಗಿಲ್ಲ, ಓ-ರಿಂಗ್‌ಗೆ ಹೊಂದುತ್ತದೆ ಅಂತ ಬರೆದಿರುವ ಕ್ಲೀನರ್ ಪರವಾಗಿಲ್ಲ. ಪೆಟ್ರೋಲ್, ಥಿನ್ನರ್, ಬ್ರೇಕ್ ಕ್ಲೀನರ್ ಬೇಡ, ಅವು ರಬ್ಬರನ್ನು ಹಾಳುಮಾಡುತ್ತವೆ. ತಂತಿ ಬ್ರಷ್ ಬೇಡ, ಉಂಗುರ ಹರಿಯುತ್ತದೆ. ಪ್ರೆಶರ್ ವಾಷರನ್ನು ಹತ್ತಿರ ಹಿಡಿದು ಚೈನಿಗೆ ಬಿಡುವುದೂ ಬೇಡ, ಆ ಒತ್ತಡದಲ್ಲಿ ನೀರು ಉಂಗುರ ದಾಟಿ ಒಳಗೆ ಹೋಗುತ್ತದೆ. ಬ್ರಷ್ಷಿಗೆ ಸೀಮೆಎಣ್ಣೆ ಹಚ್ಚಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ.

ಲ್ಯೂಬ್ ಹಾಕುವ ಜಾಗ ಚೈನಿನ ಒಳಮುಖ, ಅಂದರೆ ಸ್ಪ್ರಾಕೆಟ್ಟಿಗೆ ತಾಗುವ ಬದಿ. ಎರಡು ಸ್ಪ್ರಾಕೆಟ್ಟಿನ ನಡುವೆ ಕೆಳಗಡೆ ಹಾದುಹೋಗುವ ಚೈನಿನ ಭಾಗವನ್ನು ಕೆಳಗಿನ ಓಟ ಅನ್ನೋಣ. ಅದರ ಮೇಲ್ಭಾಗಕ್ಕೆ, ಪಟ್ಟಿಗಳ ಸಂದಿಗೆ ತೆಳುವಾಗಿ ಬಿಡುತ್ತಾ ಚಕ್ರ ತಿರುಗಿಸಿ. ತಿರುಗುವಾಗ ಅದು ತಾನಾಗೇ ಹೊರಕ್ಕೆ ಹರಡಿಕೊಳ್ಳುತ್ತದೆ. ಓಡಿಸಿ ಬಂದ ಮೇಲೆ ಚೈನ್ ಬೆಚ್ಚಗಿರುವಾಗ ಹಾಕಿದರೆ ಚೆನ್ನಾಗಿ ಇಳಿಯುತ್ತದೆ, ರಾತ್ರಿಯಿಡೀ ಕೂರಲು ಸಮಯವೂ ಸಿಗುತ್ತದೆ. ಹಾಕಿದ ತಕ್ಷಣ ಹೊರಟರೆ ಅರ್ಧ ಲ್ಯೂಬ್ ಟೈರಿನ ಮೇಲೆ, ರಿಮ್ಮಿನ ಮೇಲೆ ಎರಚುತ್ತದೆ. ಟೈರಿಗೆ ಎಣ್ಣೆ ಬೀಳುವುದು ಬರೀ ಗಲೀಜಿನ ವಿಷಯ ಅಲ್ಲ ಅಲ್ವಾ, ಒರೆಸಿಯೇ ಹೊರಡಿ. ಸ್ಪ್ರೇಗೆ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಮಂದವಾದ ಗೇರ್ ಆಯಿಲ್ ಕೂಡ ನಡೆಯುತ್ತದೆ, ಎಷ್ಟೋ ಮ್ಯಾನುಯಲ್‌ಗಳು ಅದನ್ನೇ ಹೇಳುತ್ತವೆ, ಸ್ವಲ್ಪ ಜಾಸ್ತಿ ಎರಚುತ್ತದೆ ಅಷ್ಟೇ.

ಎಷ್ಟು ದಿನಕ್ಕೊಮ್ಮೆ? ಸಾಮಾನ್ಯ ರಸ್ತೆಯಲ್ಲಿ 500ರಿಂದ 1000 ಕಿಲೋಮೀಟರಿಗೊಮ್ಮೆ ಲ್ಯೂಬ್. ಮಳೆಯಲ್ಲಿ ಓಡಿಸಿದರೆ ಕಿಲೋಮೀಟರ್ ಲೆಕ್ಕ ನೋಡಬೇಡಿ, ಮನೆಗೆ ಬಂದು ಒರೆಸಿ ಹಾಕಿಬಿಡಿ. ಈ ಒಂದು ಕೆಲಸವೇ ಚೈನಿಗೂ ಉಳಿದೆರಡಕ್ಕೂ ಇರುವ ದೊಡ್ಡ ವ್ಯತ್ಯಾಸ. ಬೆಲ್ಟ್‌ಗೂ ಶಾಫ್ಟಿಗೂ ಇದರ ಗೊಡವೆಯೇ ಇಲ್ಲ.

ಹಂತ 2: ಸವೆತ ಅಳೆಯುವುದು

"ಚೈನ್ ಉದ್ದ ಆಗಿದೆ" ಅನ್ನುತ್ತಾರೆ. ಉಕ್ಕಿನ ಪಟ್ಟಿ ಎಳೆದು ಉದ್ದ ಆಗಿರುವುದಿಲ್ಲ. ಪಿನ್ ಮತ್ತು ಬುಷ್ ಸವೆದು ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸಂದು ಬಂದಿರುತ್ತದೆ, ನೂರಕ್ಕೂ ಹೆಚ್ಚು ಕೀಲು ಸೇರಿದಾಗ ಅದೇ ಸೆಂಟಿಮೀಟರ್ ಲೆಕ್ಕಕ್ಕೆ ಹೋಗುತ್ತದೆ.

ಚೈನಿನ ಪಟ್ಟಿಯ ಮೇಲೆ ಒಂದು ನಂಬರ್ ಇರುತ್ತದೆ, 428, 520, 525, 530 ಹೀಗೆ. ಮೊದಲ ಅಂಕಿ ಪಿಚ್, ಅಂದರೆ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಇರುವ ದೂರ, ಒಂದು ಇಂಚಿನ ಎಂಟನೇ ಭಾಗಗಳಲ್ಲಿ. 5 ಅಂದರೆ 5/8 ಇಂಚು, 15.875 ಮಿ.ಮೀ. ಉಳಿದೆರಡು ಅಂಕಿ ಒಳ ಅಗಲಕ್ಕೆ ಸಂಬಂಧಿಸಿದ್ದು. 520, 525, 530 ಮೂರಕ್ಕೂ ಪಿಚ್ ಒಂದೇ, ಅಗಲ ಮಾತ್ರ ಬೇರೆ.

ಒಂದು ಉದಾಹರಣೆ ಇಟ್ಟುಕೊಂಡು ಅಳೆಯೋಣ. 520 ಚೈನ್, 110 ಲಿಂಕ್. ಬೈಕನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಮೊದಲ ಗೇರ್ ಹಾಕಿ, ಎಂಜಿನ್ ಆಫ್ ಇರಬೇಕು. ಇನ್ನೊಬ್ಬರಿಗೆ ಚಕ್ರವನ್ನು ಮುಂದಕ್ಕೆ ತಿರುಗಿಸುವಂತೆ ಒತ್ತಿ ಹಿಡಿಯಲು ಹೇಳಿ, ಆಗ ಕೆಳಗಿನ ಓಟ ಬಿಗಿಯಾಗುತ್ತದೆ. ಈಗ 21 ಪಿನ್ ಎಣಿಸಿ, ಮೊದಲನೆಯದರ ಮಧ್ಯದಿಂದ ಇಪ್ಪತ್ತೊಂದನೆಯದರ ಮಧ್ಯಕ್ಕೆ ಅಳೆಯಿರಿ. ಇದು 20 ಪಿಚ್. ಹೊಸ ಚೈನಿನಲ್ಲಿ ಇದು 317.5 ಮಿ.ಮೀ. ಇರಬೇಕು. ಎಣಿಕೆ ತಪ್ಪಿ 20 ಪಿನ್ ತೆಗೆದುಕೊಂಡರೆ ಲೆಕ್ಕವೇ ಬೇರೆಯಾಗುತ್ತದೆ. ಅಳತೆ ತೀರಾ ವಿಚಿತ್ರವಾಗಿ ಬಂದರೆ ಮೊದಲು ಎಣಿಕೆ ನೋಡಿ.

ಒಂದೇ ಕಡೆ ಅಳೆದು ಬಿಡಬೇಡಿ. ಚಕ್ರ ತಿರುಗಿಸಿ ಮೂರು ಜಾಗದಲ್ಲಿ ಅಳೆಯಿರಿ. ನಮ್ಮ ಉದಾಹರಣೆಯಲ್ಲಿ 318.5, 319, 320.5 ಬಂತು ಅಂತಿಟ್ಟುಕೊಳ್ಳಿ. ಹೆಚ್ಚು ಉದ್ದ ಇರುವ ಜಾಗವೇ ನಮಗೆ ಮುಖ್ಯ. 320.5ರಲ್ಲಿ 317.5 ಕಳೆದರೆ 3 ಮಿ.ಮೀ., ಹತ್ತಿರ ಹತ್ತಿರ 1 ಶೇಕಡಾ. ಇದು ಸಾಕೇ, ಜಾಸ್ತಿಯೇ? ಇಲ್ಲಿ ಮ್ಯಾನುಯಲ್‌ಗಳು ಒಂದೇ ಮಾತು ಹೇಳುವುದಿಲ್ಲ. 20 ಪಿಚ್‌ಗೆ 319.4 ಮಿ.ಮೀ. ದಾಟಿದರೆ ಬದಲಾಯಿಸಿ ಅನ್ನುವವರಿದ್ದಾರೆ, 323ರವರೆಗೆ ಬಿಡುವವರೂ ಇದ್ದಾರೆ. ನಿಮ್ಮ ಬೈಕಿನ ಮ್ಯಾನುಯಲ್ ಏನು ಹೇಳುತ್ತದೋ ಅದೇ ಮಿತಿ.

ಆದರೆ ನನ್ನ ಅಭಿಪ್ರಾಯ ಕೇಳಿದರೆ, ಈ ಉದಾಹರಣೆಯಲ್ಲಿ ಚಿಂತೆಗೆ ಕಾರಣ 320.5 ಅನ್ನುವ ಅಂಕಿಗಿಂತ ಮೂರು ಅಳತೆಗಳ ನಡುವಿನ ಅಂತರ. ಒಂದೇ ಚೈನಿನಲ್ಲಿ ಒಂದು ಕಡೆ 318.5, ಇನ್ನೊಂದು ಕಡೆ 320.5 ಅಂದರೆ ಆ ಎರಡನೇ ಭಾಗದಲ್ಲಿ ಕೆಲವು ಉಂಗುರ ಹೋಗಿ ಗ್ರೀಸ್ ಖಾಲಿಯಾಗಿದೆ, ಅಲ್ಲಿ ಸವೆತ ಓಡುತ್ತಿದೆ. ಮಿತಿ 323 ಇದ್ದರೂ ನಾನು ಅಂಥ ಚೈನನ್ನು ಬದಲಾಯಿಸುತ್ತೇನೆ, ಏಕೆಂದರೆ ಅದನ್ನು ಸರಿಯಾಗಿ ಬಿಗಿ ಮಾಡಲು ಆಗುವುದೇ ಇಲ್ಲ. ಕಾರಣ ಮುಂದಿನ ಹಂತದಲ್ಲಿದೆ.

ಎಷ್ಟೋ ಜನ ಸ್ಕೇಲು ಹಿಡಿಯದೆ, ಸ್ವಿಂಗ್ ಆರ್ಮ್ ಮೇಲಿನ ಗುರುತು ನೋಡಿ ನಿರ್ಧರಿಸುತ್ತಾರೆ. ಸ್ವಿಂಗ್ ಆರ್ಮ್ ಅಂದರೆ ಹಿಂದಿನ ಚಕ್ರ ಹಿಡಿದಿರುವ, ಮೇಲೆ ಕೆಳಗೆ ಆಡುವ ತೋಳು. 110 ಲಿಂಕಿನ ಚೈನ್ ಹೊಸದಾಗಿದ್ದಾಗ ಒಟ್ಟು 1746 ಮಿ.ಮೀ. ಇರುತ್ತದೆ. ಒಂದು ಶೇಕಡಾ ಉದ್ದವಾದರೆ 17.5 ಮಿ.ಮೀ. ಚೈನ್ ಹೋಗಿ ವಾಪಸ್ ಬರುವುದರಿಂದ ಆಕ್ಸಲ್ ಹಿಂದಕ್ಕೆ ಸರಿಯುವುದು ಅದರ ಅರ್ಧ, 9 ಮಿ.ಮೀ.ಗೂ ಸ್ವಲ್ಪ ಕಡಿಮೆ. ನಮ್ಮ ಉದಾಹರಣೆಯ ಚೈನಿನಲ್ಲಿ ಮೂರೂ ಅಳತೆಯ ಸರಾಸರಿ ತೆಗೆದರೆ ಸವೆತ 0.6 ಶೇಕಡಾದ ಹತ್ತಿರ, ಆಕ್ಸಲ್ ಸರಿದಿರುವುದು ಬರೀ 5 ಮಿ.ಮೀ. ಗುರುತು ಮಾತ್ರ ನೋಡಿದವರು "ಇನ್ನೂ ಜಾಗ ಇದೆ" ಅಂತ ಸುಮ್ನೆ ಹೋಗಿಬಿಡುತ್ತಾರೆ. ಆ ಗುರುತು ಸರಾಸರಿ ಹೇಳುತ್ತದೆ, ಕೆಟ್ಟ ಭಾಗವನ್ನು ಮುಚ್ಚಿಡುತ್ತದೆ.

ಸ್ಕೇಲು ಇಲ್ಲದೆ ನೋಡುವ ಸುಲಭ ದಾರಿ ಒಂದಿದೆ. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ, ಗಡಿಯಾರದ ಮೂರು ಅಥವಾ ಒಂಬತ್ತು ಗಂಟೆಯ ಜಾಗದಲ್ಲಿ, ಚೈನನ್ನು ಬೆರಳಲ್ಲಿ ಹಿಂದಕ್ಕೆ ಎಳೆಯಿರಿ. ಹಲ್ಲು ಅರ್ಧಕ್ಕಿಂತ ಜಾಸ್ತಿ ಕಾಣಿಸಿದರೆ ಕೆಲಸ ಮುಗಿದಿದೆ. ಹಲ್ಲುಗಳು ಒಂದೇ ಕಡೆಗೆ ಬಾಗಿದ ಕೊಕ್ಕೆಯಂತೆ ಆಗಿದ್ದರೂ ಅದೇ ಅರ್ಥ. ಬದಲಾಯಿಸುವಾಗ ಚೈನ್, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೇ ಬದಲಾಯಿಸಿ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ.

ಹಂತ 3: ಚೈನ್ ಜೋಲು ಸರಿಮಾಡುವುದು

ಜೋಲು ಅಥವಾ ಸ್ಲ್ಯಾಕ್ ಅಂದರೆ ಕೆಳಗಿನ ಓಟದ ನಡುವೆ ಬೆರಳಿಟ್ಟು ಮೇಲಕ್ಕೆ ತಳ್ಳಿ, ಕೆಳಕ್ಕೆ ಎಳೆದಾಗ ಚೈನ್ ಆಡುವ ಒಟ್ಟು ದೂರ. ರಸ್ತೆ ಬೈಕುಗಳಿಗೆ ಸಾಮಾನ್ಯವಾಗಿ 25ರಿಂದ 35 ಮಿ.ಮೀ., ಹಿಂದಿನ ಸಸ್ಪೆನ್ಷನ್ ಉದ್ದಕ್ಕೆ ಆಡುವ ಅಡ್ವೆಂಚರ್ ಬೈಕುಗಳಿಗೆ ಅದಕ್ಕಿಂತ ಜಾಸ್ತಿ. ಅಳೆಯುವಾಗ ಬೈಕ್ ಸೈಡ್ ಸ್ಟ್ಯಾಂಡಿನಲ್ಲಿರಬೇಕೋ ಸೆಂಟರ್ ಸ್ಟ್ಯಾಂಡಿನಲ್ಲೋ ಅನ್ನುವುದು ಮ್ಯಾನುಯಲ್‌ನಲ್ಲಿ ಇರುತ್ತದೆ. ಅದನ್ನು ಬಿಟ್ಟು ಬರೀ ಅಂಕಿ ತೆಗೆದುಕೊಂಡರೆ ತಪ್ಪಾಗುತ್ತದೆ, ಚಕ್ರ ನೇತಾಡುವಾಗಿನ ಜೋಲೇ ಬೇರೆ, ನೆಲದ ಮೇಲಿರುವಾಗಿನದೇ ಬೇರೆ.

ಯಾಕೆ ಬೇರೆ? ಸಾಮಾನ್ಯ ಬೈಕುಗಳಲ್ಲಿ ಮುಂದಿನ ಸ್ಪ್ರಾಕೆಟ್ಟಿನ ನಡುವೂ ಸ್ವಿಂಗ್ ಆರ್ಮ್ ಆಡುವ ಕೀಲೂ ಒಂದೇ ಜಾಗದಲ್ಲಿ ಇರುವುದಿಲ್ಲ. ಹಾಗಾಗಿ ಚಕ್ರ ಮೇಲೆ ಕೆಳಗೆ ಆದಾಗ ಎರಡು ಸ್ಪ್ರಾಕೆಟ್ಟಿನ ನಡುವಿನ ದೂರ ಬದಲಾಗುತ್ತದೆ. ಮುಂದಿನ ಸ್ಪ್ರಾಕೆಟ್, ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತ್ಯಂತ ಬಿಗಿ. ನಾವು ಬಿಡುವ ಜೋಲು ಆ ಕ್ಷಣಕ್ಕೋಸ್ಕರ. ಚೆನ್ನಾಗಿ ಕಾಣಲಿ ಅಂತ ಬಿಗಿಯಾಗಿ ಎಳೆದು ಇಟ್ಟರೆ, ಗುಂಡಿಗೆ ಬಿದ್ದಾಗ ಚೈನ್ ತಂತಿಯಂತೆ ಸೆಟೆದು, ಗೇರ್ ಬಾಕ್ಸಿನಿಂದ ಹೊರಬರುವ ಶಾಫ್ಟಿನ ಬೇರಿಂಗ್ ಮತ್ತು ಆಯಿಲ್ ಸೀಲ್ ಮೇಲೆ ಭಾರ ಬೀಳುತ್ತದೆ. ಆ ಸೀಲಿನ ಹತ್ತಿರ ಎಣ್ಣೆ ಜಿನುಗುತ್ತಿದ್ದರೆ ಇದನ್ನೂ ಒಮ್ಮೆ ಅನುಮಾನಿಸಿ. ಸ್ವಲ್ಪ ಲೂಸ್ ಇರುವ ಚೈನ್ ಸದ್ದು ಮಾಡುತ್ತದೆ, ಅತಿ ಟೈಟ್ ಇರುವ ಚೈನ್ ಸದ್ದಿಲ್ಲದೆ ದುಬಾರಿ ಕೆಲಸ ತರುತ್ತದೆ. ಅನುಮಾನ ಇದ್ದರೆ ಲೂಸ್ ಕಡೆಗೇ ಇರಿ.

ಮೊದಲು ನ್ಯೂಟ್ರಲ್‌ನಲ್ಲಿ ಚಕ್ರ ನಿಧಾನ ತಿರುಗಿಸುತ್ತಾ ಹಲವು ಜಾಗದಲ್ಲಿ ಜೋಲು ನೋಡಿ. ಒಂದು ಕಡೆ 35, ಇನ್ನೊಂದು ಕಡೆ 20 ಬಂದರೆ ಅದೇ ಟೈಟ್ ಸ್ಪಾಟ್, ಬಿಗಿ ಇರುವ ಜಾಗ. ಯಾವಾಗಲೂ ಹೊಂದಿಸಬೇಕಾದ್ದು ಅತ್ಯಂತ ಬಿಗಿ ಇರುವ ಜಾಗದಲ್ಲಿ. ಲೂಸ್ ಇರುವ ಜಾಗಕ್ಕೆ 30 ಇಟ್ಟರೆ ಬಿಗಿ ಜಾಗದಲ್ಲಿ ಜೋಲೇ ಉಳಿಯುವುದಿಲ್ಲ. ಬಿಗಿ ಜಾಗಕ್ಕೆ ಹೊಂದಿಸಿದರೆ ಉಳಿದ ಕಡೆ ಚೈನ್ ಬಡಿಯುತ್ತದೆ. ಮೇಲಿನ ಉದಾಹರಣೆಯ ಚೈನನ್ನು ಸರಿಮಾಡಲು ಆಗುವುದಿಲ್ಲ ಅಂದದ್ದು ಇದಕ್ಕೇ.

ನಂತರ ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರ್ ಬೋಲ್ಟನ್ನು ಸಮವಾಗಿ ತಿರುಗಿಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಮ್ಮೆಲೇ ಜಾಸ್ತಿ ತಿರುಗಿಸುವುದು. ಲೆಕ್ಕ ಹಾಕಿ ನೋಡಿ. ಎರಡು ಸ್ಪ್ರಾಕೆಟ್ ನಡುವಿನ ಓಟ 600 ಮಿ.ಮೀ. ಇದ್ದರೆ, 30 ಮಿ.ಮೀ. ಜೋಲು ಅಂದರೆ ಕೆಳಗಿನ ಓಟದಲ್ಲಿ ಹೆಚ್ಚುವರಿ ಇರುವ ಚೈನ್ ಬರೀ 0.75 ಮಿ.ಮೀ. ಜೋಲು 40 ಆದರೆ ಅದು 1.33 ಮಿ.ಮೀ. ಅಂದರೆ 10 ಮಿ.ಮೀ. ಜೋಲಿಗೆ ಬೇಕಾದ್ದು 0.6 ಮಿ.ಮೀ. ಉದ್ದ, ಆಕ್ಸಲ್ ಸರಿಯಬೇಕಾದ್ದು ಅದರ ಅರ್ಧ, 0.3 ಮಿ.ಮೀ. ಅಡ್ಜಸ್ಟರ್ ಮಾಮೂಲಿ 8 ಮಿ.ಮೀ. ಬೋಲ್ಟ್ ಆಗಿದ್ದರೆ ಒಂದು ಪೂರ್ತಿ ಸುತ್ತಿಗೆ 1.25 ಮಿ.ಮೀ. ಮುಂದೆ ಹೋಗುತ್ತದೆ. ಹಾಗಾದರೆ ನಿಮಗೆ ಬೇಕಿರುವುದು ಕಾಲು ಸುತ್ತು! ಬೋಲ್ಟಿನ ಆರು ಮುಖದಲ್ಲಿ ಒಂದೊಂದೇ ಮುಖ ತಿರುಗಿಸಿ, ಪ್ರತಿ ಸಲ ಜೋಲು ನೋಡಿ.

ಎರಡೂ ಬದಿಯ ಗುರುತು ಒಂದೇ ಕಡೆ ಬಂದಿದೆಯಾ ನೋಡಿ. ಈ ಗುರುತುಗಳು ಕೆಲವು ಬೈಕಿನಲ್ಲಿ ಅಷ್ಟು ನಿಖರ ಇರುವುದಿಲ್ಲ, ಅನುಮಾನ ಬಂದರೆ ಸ್ವಿಂಗ್ ಆರ್ಮ್ ಕೀಲಿನ ನಡುವಿನಿಂದ ಆಕ್ಸಲ್ ನಡುವಿಗೆ ಎರಡೂ ಬದಿ ಅಳೆದು ನೋಡಿ. ಹಿಂದಿನ ಸ್ಪ್ರಾಕೆಟ್ಟಿನ ಹಲ್ಲಿನ ಒಂದು ಪಕ್ಕ ಮಾತ್ರ ಹೊಳೆಯುತ್ತಿದ್ದರೆ ಚಕ್ರ ಓರೆಯಾಗಿದೆ ಅಂತ ಅರ್ಥ. ಕೊನೆಗೆ ಚೈನ್ ಮತ್ತು ಹಿಂದಿನ ಸ್ಪ್ರಾಕೆಟ್ ನಡುವೆ ಮಡಚಿದ ಬಟ್ಟೆ ಸಿಕ್ಕಿಸಿ, ಚಕ್ರ ಕೈಯಲ್ಲಿ ತಿರುಗಿಸಿದರೆ ಆಕ್ಸಲ್ ಅಡ್ಜಸ್ಟರಿಗೆ ಒತ್ತಿಕೊಂಡು ನಿಲ್ಲುತ್ತದೆ. ಹಾಗೇ ಇಟ್ಟು ಆಕ್ಸಲ್ ನಟ್ಟನ್ನು ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ, ಬಟ್ಟೆ ತೆಗೆದು ಮತ್ತೊಮ್ಮೆ ಜೋಲು ನೋಡಿ. ನಟ್ ಬಿಗಿ ಮಾಡುವಾಗ ಜೋಲು ಬದಲಾಗುವುದು ಮಾಮೂಲು, ಈ ಕೊನೆಯ ನೋಟ ಬಿಡಬೇಡಿ. ಆಕ್ಸಲ್ ನಟ್‌ಗೆ ಸ್ಪ್ಲಿಟ್ ಪಿನ್ ಇದ್ದರೆ ಹೊಸದು ಹಾಕಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಪೆಡಲ್ ಎಷ್ಟು ಕೆಳಗೆ ಹೋಗುತ್ತದೆ ಅಂತ ನೋಡಿ, ಚಕ್ರ ಸರಿದಾಗ ಅದೂ ಬದಲಾಗಿರುತ್ತದೆ.

ಹಂತ 4: ಝಟ್ಕಾ ಎಲ್ಲಿಂದ ಬರುತ್ತಿದೆ ಹುಡುಕುವುದು

"ಚೈನ್ ಬೈಕ್ ನಯ ಇಲ್ಲ, ಝಟ್ಕಾ ಹೊಡೆಯುತ್ತದೆ" ಅನ್ನುವ ದೂರಿನಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿದೆ.

ಒಂದು ಚೈನಿನ ಹುಟ್ಟುಗುಣ. ಸ್ಪ್ರಾಕೆಟ್ ನಮಗೆ ದುಂಡಗೆ ಕಂಡರೂ ಚೈನಿನ ಲಿಂಕುಗಳು ಗಟ್ಟಿ ಪಟ್ಟಿಗಳು, ಅವು ವೃತ್ತವಾಗಿ ಬಾಗುವುದಿಲ್ಲ. 15 ಹಲ್ಲಿನ ಸ್ಪ್ರಾಕೆಟ್ಟಿನ ಮೇಲೆ ಚೈನ್ ಕೂರುವುದು 15 ಮೂಲೆಯ ಆಕಾರದಲ್ಲಿ. ಮೂಲೆ ಬಂದಾಗ ಸ್ವಲ್ಪ ವೇಗ, ಚಪ್ಪಟೆ ಬಂದಾಗ ಸ್ವಲ್ಪ ನಿಧಾನ. 15 ಹಲ್ಲಿಗೆ ಈ ಏರಿಳಿತ 2.2 ಶೇಕಡಾ, 13 ಹಲ್ಲಿಗೆ 2.9, 17 ಹಲ್ಲಿಗೆ 1.7. ಇದು ಝಟ್ಕಾ ಥರ ಅನ್ನಿಸುವುದಿಲ್ಲ, ಕಾಲಿಗೆ ತಾಗುವ ಸಣ್ಣ ನಡುಕ ಮತ್ತು ಸದ್ದಾಗಿ ಬರುತ್ತದೆ. ಪಿಕಪ್ ಬೇಕೆಂದು ಮುಂದಿನ ಸ್ಪ್ರಾಕೆಟ್ಟಿನಲ್ಲಿ ಎರಡು ಹಲ್ಲು ಕಡಿಮೆ ಹಾಕಿಸಿದವರಿಗೆ ಬೈಕ್ ಸ್ವಲ್ಪ ಒರಟಾದಂತೆ ಅನ್ನಿಸುವುದರಲ್ಲಿ ಇದರ ಪಾಲೂ ಇದೆ, ಚೈನ್ ಬೇಗ ಸವೆಯುವುದರಲ್ಲೂ ಇದೆ.

ಎರಡನೆಯದು ನಿಜವಾದ ಝಟ್ಕಾ, ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ಬರುವ ಹೊಡೆತ. ಇದರಲ್ಲಿ ಬಹುಪಾಲು ಸಲ ತಪ್ಪು ಚೈನಿನದ್ದಲ್ಲ, ಹಿಂದಿನ ಚಕ್ರದ ನಡುವಿನ ಹಬ್ ಒಳಗಿನ ರಬ್ಬರುಗಳದ್ದು. ಇವನ್ನು ಡ್ಯಾಂಪರ್ ರಬ್ಬರ್ ಅನ್ನುತ್ತಾರೆ. ಸ್ಪ್ರಾಕೆಟ್ ಮತ್ತು ಚಕ್ರದ ನಡುವೆ ಕೂತು ಹೊಡೆತ ನುಂಗುತ್ತವೆ. ನೋಡುವುದು ಸುಲಭ. ಗೇರ್ ಹಾಕಿ, ಎಂಜಿನ್ ಆಫ್ ಇಟ್ಟು, ಸ್ಪ್ರಾಕೆಟ್ ಮೇಲೆ ಕಣ್ಣಿಟ್ಟು ಚಕ್ರವನ್ನು ಹಿಂದೆ ಮುಂದೆ ಆಡಿಸಿ. ಚೈನ್ ಸೆಟೆದು ಸ್ಪ್ರಾಕೆಟ್ ನಿಂತ ಮೇಲೂ ಚಕ್ರ ಸುಲಭವಾಗಿ ಆಡಿ ಟಕ್ ಅಂದರೆ ರಬ್ಬರ್ ಸವೆದಿದೆ. ಹೊಸ ಚೈನ್ ಸೆಟ್ ಹಾಕಿಸುವ ಮೊದಲು ಇದನ್ನು ನೋಡಿ, ರಬ್ಬರ್ ಬಹಳ ಕಡಿಮೆ ಖರ್ಚಿನದು.

ಹಂತ 5: ಬೆಲ್ಟ್ ಬೈಕ್ ಆಗಿದ್ದರೆ

ಈಗಿನ ಬೆಲ್ಟ್‌ಗಳಲ್ಲಿ ಹಲ್ಲಿನ ರಬ್ಬರ್ ಅಥವಾ ಪಾಲಿಯುರೆಥೇನ್ ಮೈಯೊಳಗೆ ಅರಾಮಿಡ್ ಅಥವಾ ಕಾರ್ಬನ್ ನಾರು ಇರುತ್ತದೆ. ಎಳೆತ ತಡೆಯುವುದು ಆ ನಾರು. 1980ರ ಹಾರ್ಲೆ-ಡೇವಿಡ್ಸನ್ ಸ್ಟರ್ಜಿಸ್ ಮಾದರಿಯಿಂದ ಇದು ದೊಡ್ಡ ಬೈಕುಗಳಲ್ಲಿ ಹೆಸರು ಮಾಡಿತು. ಬೆಲ್ಟ್ ಬಳಕುತ್ತದೆ, ಪುಲ್ಲಿಯ ಮೇಲೆ ದುಂಡಗೆ ಕೂರುತ್ತದೆ, ಲೋಹಕ್ಕೆ ಲೋಹ ಬಡಿಯುವುದಿಲ್ಲ. ಹಾಗಾಗಿ ನಯದಲ್ಲಿ, ಸದ್ದಿನಲ್ಲಿ ಮೂರರಲ್ಲಿ ಇದಕ್ಕೇ ನನ್ನ ಮೊದಲ ಮತ. ತೂಕವೂ ಕಡಿಮೆ.

ಇದಕ್ಕೆ ಎಣ್ಣೆ ಬೇಡ, ಲ್ಯೂಬ್ ಬೇಡ, ಕೀರಲು ಸದ್ದು ಬಂದರೂ ಬೇಡ. ಸದ್ದು ಬಂದರೆ ಧೂಳಿರಬಹುದು, ಚಕ್ರ ಓರೆ ಇರಬಹುದು. ತೊಳೆದು, ಸಾಲು ನೋಡಿ.

ತಿಂಗಳಿಗೊಮ್ಮೆ ಚಕ್ರ ಸುತ್ತಿಸುತ್ತಾ ಬೆಲ್ಟಿನ ಎರಡೂ ಮುಖ ನೋಡಿ. ಹಲ್ಲಿನ ಬುಡದಲ್ಲಿ ಬಿರುಕು, ಕಿತ್ತ ಹಲ್ಲು, ಅಂಚಿನಲ್ಲಿ ಹೊರಬಂದ ನಾರು, ಕಲ್ಲು ಹೊಕ್ಕ ತೂತು. ಬೆಲ್ಟಿನ ದೊಡ್ಡ ಶತ್ರು ಕಲ್ಲು. ಕೆಳಗಿನ ಓಟದ ಮೇಲೆ ಬಿದ್ದ ಚೂಪಾದ ಜಲ್ಲಿ ಪುಲ್ಲಿಯೊಳಗೆ ಹೋದರೆ ನಾರು ತುಂಡಾಗುತ್ತದೆ. ತೂತು ಸಣ್ಣದಾಗಿ ಕಂಡರೂ, ಅದು ಬೆಲ್ಟಿನ ನಡುಭಾಗದಲ್ಲಿ ಆರಪಾರ ಇದ್ದರೆ ಬದಲಾಯಿಸುವ ತೀರ್ಮಾನವೇ ಸರಿ.

ಬಿಗಿ ನೋಡುವಾಗ ಬೆರಳಿನ ಅಂದಾಜು ಸಾಲದು. ಚೈನಿನ ಜೋಲು ಕೈಯಾಡಿಸಿ ಅಳೆಯಬಹುದು, ಬೆಲ್ಟ್‌ಗೆ ಇಂತಿಷ್ಟೇ ಬಲ ಕೊಟ್ಟು ಎಷ್ಟು ಬಾಗಿತು ಅಂತ ಅಳೆಯಬೇಕು. ಸಾಮಾನ್ಯವಾಗಿ ಕೊಡುವ ಬಲ ಸುಮಾರು 4.5 ಕೆ.ಜಿ. ಬೆಲ್ಟ್ ತಣ್ಣಗಿರುವಾಗ, ಕೆಳಗಿನ ಓಟದ ನಡುವೆ ಗೇಜಿನಿಂದ ತಳ್ಳಿ ಅಥವಾ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು, ಬಾಗಿದ ದೂರವನ್ನು ಮ್ಯಾನುಯಲ್ ಜೊತೆ ಹೋಲಿಸಿ. ಲೂಸ್ ಇದ್ದರೆ ಹಲ್ಲು ಹಾರುತ್ತದೆ, ಟೈಟ್ ಇದ್ದರೆ ಬೇರಿಂಗಿಗೆ ಭಾರ.

ಬೆಲ್ಟ್ ಕೈಯಲ್ಲಿ ಹಿಡಿದಾಗ ಮಡಚಬೇಡಿ, ತಿರುಚಬೇಡಿ. ಮುಂದಿನ ಪುಲ್ಲಿಗಿಂತ ಚಿಕ್ಕ ಸುತ್ತಾಗಿ ಬಗ್ಗಿಸಿದರೆ ಒಳಗಿನ ನಾರು ಮುರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ಓಡಿಸುವಾಗ ತುಂಡಾಗುತ್ತದೆ. ಬೆಲ್ಟ್‌ಗೆ ದೊಡ್ಡ ಪುಲ್ಲಿ ಬೇಕಾಗುವುದೂ ಇದೇ ಕಾರಣಕ್ಕೆ. ಜೊತೆಗೆ ಚೈನಿನಂತೆ ಜೋಲು ಬಿಡಲು ಬರುವುದಿಲ್ಲವಲ್ಲ, ಹಾಗಾಗಿ ಹಿಂದಿನ ಚಕ್ರ ತುಂಬಾ ಮೇಲೆ ಕೆಳಗೆ ಆಡುವ ಆಫ್-ರೋಡ್ ಬೈಕುಗಳಲ್ಲಿ ಬೆಲ್ಟ್ ಕಾಣುವುದು ಅಪರೂಪ.

ಇದರ ದೊಡ್ಡ ತೊಂದರೆ ಬದಲಾಯಿಸುವ ದಿನ ಗೊತ್ತಾಗುತ್ತದೆ. ಬೆಲ್ಟ್‌ಗೆ ಕೊಂಡಿ ಇಲ್ಲ, ಅದು ಒಂದೇ ಸುತ್ತು. ಎಷ್ಟೋ ಬೈಕುಗಳಲ್ಲಿ ಅದನ್ನು ಹಾಕಲು ಸ್ವಿಂಗ್ ಆರ್ಮನ್ನೇ ಕಳಚಬೇಕು. ಚೈನ್ ದಾರಿಯಲ್ಲಿ ತುಂಡಾದರೆ ಒಂದು ಜೋಡಿಸುವ ಲಿಂಕ್ ಮತ್ತು ಸರಿಯಾದ ಸಾಮಾನು ಇದ್ದರೆ ಮನೆ ತಲುಪಬಹುದು. ಬೆಲ್ಟ್ ತುಂಡಾದರೆ ಬೈಕನ್ನು ವಾಹನದಲ್ಲಿ ಹೇರಿಕೊಂಡು ಹೋಗುವುದೇ ಗತಿ.

ಹಂತ 6: ಶಾಫ್ಟ್ ಬೈಕ್ ಆಗಿದ್ದರೆ

ಬಿಎಂಡಬ್ಲ್ಯೂ 1923ರ ತನ್ನ ಮೊದಲ ಬೈಕ್ ಆರ್32ರಲ್ಲೇ ಶಾಫ್ಟ್ ಹಾಕಿತ್ತು. ಒಂದು ಉದ್ದನೆಯ ಸರಳು ತಿರುಗುತ್ತದೆ, ಅದರ ತುದಿಯ ಸಣ್ಣ ಹಲ್ಲುಚಕ್ರ ಹಿಂದಿನ ಪೆಟ್ಟಿಗೆಯೊಳಗಿನ ದೊಡ್ಡ ಹಲ್ಲುಚಕ್ರವನ್ನು ತಿರುಗಿಸಿ ದಿಕ್ಕನ್ನು 90 ಡಿಗ್ರಿ ಬದಲಿಸುತ್ತದೆ. ಹಲ್ಲುಚಕ್ರಗಳು ಎಣ್ಣೆಯಲ್ಲಿ ಮುಳುಗಿರುತ್ತವೆ, ಎಲ್ಲವೂ ಮುಚ್ಚಿರುತ್ತದೆ, ಮಳೆ ಧೂಳಿನ ಭಯ ಇಲ್ಲ.

ಆರೈಕೆ ಅಂದರೆ ಆ ಪೆಟ್ಟಿಗೆಯ ಎಣ್ಣೆ. ಪ್ರಮಾಣ ಕಡಿಮೆ, ಅನೇಕ ಬೈಕುಗಳಲ್ಲಿ 200 ಮಿ.ಲೀ. ಆಸುಪಾಸು. ಹೈಪಾಯ್ಡ್ ಗೇರ್ ಆಯಿಲ್, ಯಾವ ದರ್ಜೆ ಅನ್ನುವುದು ಮ್ಯಾನುಯಲ್‌ನಲ್ಲಿರುತ್ತದೆ. ಸ್ವಲ್ಪ ದೂರ ಓಡಿಸಿ ಎಣ್ಣೆ ಬಿಸಿಯಾದ ಮೇಲೆ ಬೈಕನ್ನು ನೇರ ನಿಲ್ಲಿಸಿ. ಮೊದಲು ತುಂಬುವ ಮುಚ್ಚಳ ತೆಗೆಯಿರಿ, ಆಮೇಲೆ ಕೆಳಗಿನ ಡ್ರೈನ್ ಬೋಲ್ಟ್. ಈ ಕ್ರಮ ಮುಖ್ಯ. ಎಣ್ಣೆ ಎಲ್ಲಾ ಇಳಿಸಿದ ಮೇಲೆ ಮೇಲಿನ ಮುಚ್ಚಳ ಜಾಮ್ ಆಗಿದೆ ಅಂತ ಗೊತ್ತಾದರೆ ಬೈಕ್ ಅಲ್ಲೇ ನಿಲ್ಲುತ್ತದೆ.

ಡ್ರೈನ್ ಬೋಲ್ಟಿನ ತುದಿಯಲ್ಲಿ ಸಾಮಾನ್ಯವಾಗಿ ಆಯಸ್ಕಾಂತ ಇರುತ್ತದೆ. ಅದಕ್ಕೆ ಬೂದು ಬಣ್ಣದ ನಯವಾದ ಪೇಸ್ಟ್ ಅಂಟಿದ್ದರೆ ಅದು ಮಾಮೂಲು ಸವೆತ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಪದರ ಸಿಕ್ಕರೆ ಒಳಗೆ ಬೇರಿಂಗ್ ಅಥವಾ ಹಲ್ಲು ಕಿತ್ತುಬರುತ್ತಿದೆ. ಎಣ್ಣೆ ಹಾಲು ಬೆರೆಸಿದಂತೆ ಮಬ್ಬಾಗಿದ್ದರೆ ನೀರು ಸೇರಿದೆ. ಹೊಸ ಎಣ್ಣೆ ಜಾಸ್ತಿ ತುಂಬಬೇಡಿ, ಬಿಸಿಯಾದಾಗ ಒತ್ತಡಕ್ಕೆ ಸೀಲ್ ದಾಟಿ ಚಕ್ರದ ಕಡೆ ಬರುತ್ತದೆ.

ಜೊತೆಗೆ ಹಿಂದಿನ ಚಕ್ರವನ್ನು ಮೇಲೆ ಮತ್ತು ಕೆಳಗೆ, ಗಡಿಯಾರದ ಹನ್ನೆರಡು ಮತ್ತು ಆರು ಗಂಟೆಯ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಆಟ ಕಂಡರೆ ಬೇರಿಂಗ್ ನೋಡಿಸಿ. ಚಕ್ರವನ್ನು ಹಲ್ಲಿನ ಜೋಡಣೆಯಿಂದ ಸಿಕ್ಕಿಸುವ ಬೈಕುಗಳಲ್ಲಿ, ಅಂದರೆ ಸ್ಪ್ಲೈನ್ ಇರುವಲ್ಲಿ, ಟೈರ್ ಬದಲಾಯಿಸುವಾಗಲೆಲ್ಲ ಅಲ್ಲಿಗೆ ಮಾಲಿಬ್ಡಿನಮ್ ಗ್ರೀಸ್ ಹಚ್ಚಬೇಕು. ಇದನ್ನು ಮರೆತರೆ ಆ ಹಲ್ಲುಗಳು ಒಣಗಿ ಚೂಪಾಗಿ ಕೊನೆಗೆ ಜಾರತೊಡಗುತ್ತವೆ. "ಶಾಫ್ಟಿಗೆ ಏನೂ ಮಾಡಬೇಕಿಲ್ಲ" ಅನ್ನುವ ಮಾತು ನಂಬಿದವರಿಗೆ ಬರುವ ತೊಂದರೆ ಇದು.

ನಯದ ವಿಷಯದಲ್ಲಿ ಶಾಫ್ಟಿಗೆ ಚೈನಿನ ನಡುಕ ಇಲ್ಲ, ಆದರೆ ತನ್ನದೇ ಒಂದು ಗುಣ ಇದೆ. ಆಕ್ಸಿಲರೇಟರ್ ಕೊಟ್ಟಾಗ ಸಣ್ಣ ಹಲ್ಲುಚಕ್ರ ದೊಡ್ಡದರ ಮೇಲೆ ಹತ್ತಲು ನೋಡುತ್ತದೆ, ಬೈಕಿನ ಹಿಂಭಾಗ ಏಳುತ್ತದೆ. ಬಿಟ್ಟರೆ ಇಳಿಯುತ್ತದೆ. ತಿರುವಿನ ನಡುವೆ ಒಮ್ಮೆಲೇ ಆಕ್ಸಿಲರೇಟರ್ ಬಿಟ್ಟರೆ ಇದು ಚೆನ್ನಾಗಿ ಗೊತ್ತಾಗುತ್ತದೆ. 1987ರಲ್ಲಿ ಬಿಎಂಡಬ್ಲ್ಯೂ ಪ್ಯಾರಾಲಿವರ್ ತಂದಿತು. ಪೆಟ್ಟಿಗೆಯನ್ನು ಸ್ವಿಂಗ್ ಆರ್ಮಿಗೆ ಬಿಗಿಯಾಗಿ ಕೂರಿಸದೆ ಇನ್ನೊಂದು ಕೀಲು ಕೊಟ್ಟು, ಪ್ರತ್ಯೇಕ ಸರಳಿನಿಂದ ಫ್ರೇಮಿನ ಕಡೆಗೆ ಹಿಡಿದಿಟ್ಟರು. ಏಳುವುದು ಬಹಳ ಕಡಿಮೆಯಾಯಿತು.

ತೂಕದ ಮಾತು

520 ಚೈನ್ 100 ಲಿಂಕಿಗೆ ಒಂದೂವರೆ ಕೆ.ಜಿ. ಆಸುಪಾಸು, 530 ಅದಕ್ಕಿಂತ ಸುಮಾರು ಅರ್ಧ ಕೆ.ಜಿ. ಜಾಸ್ತಿ. ಬೆಲ್ಟ್ ಇನ್ನೂ ಹಗುರ, ಆದರೆ ಅಗಲವಾದ ದೊಡ್ಡ ಪುಲ್ಲಿಗಳು ಆ ಲಾಭದಲ್ಲಿ ಸ್ವಲ್ಪ ತಿನ್ನುತ್ತವೆ. ಶಾಫ್ಟ್, ಹಲ್ಲುಚಕ್ರ, ಪೆಟ್ಟಿಗೆ, ಎಣ್ಣೆ ಸೇರಿದರೆ ಇವೆರಡಕ್ಕಿಂತ ಹಲವು ಕೆ.ಜಿ. ಜಾಸ್ತಿ. ಬೈಕಿನ ಒಟ್ಟು ತೂಕದಲ್ಲಿ ಅದು ದೊಡ್ಡದಲ್ಲ. ತೊಂದರೆ ಇರುವುದು ಆ ತೂಕ ಕೂರುವ ಜಾಗದಲ್ಲಿ. ಪೆಟ್ಟಿಗೆ ಹಿಂದಿನ ಚಕ್ರದ ಪಕ್ಕದಲ್ಲೇ ಇರುತ್ತದೆ, ಸ್ಪ್ರಿಂಗಿನ ಕೆಳಗೆ. ಚಕ್ರದ ಜೊತೆ ಪ್ರತಿ ಉಬ್ಬಿಗೂ ಅದು ಮೇಲೆ ಕೆಳಗೆ ಹೋಗಬೇಕು, ಸಸ್ಪೆನ್ಷನ್ ಅದನ್ನು ತಡೆದು ನಿಲ್ಲಿಸಬೇಕು. ಕೆಟ್ಟ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಹಿಂದಿನ ಚಕ್ರ ನೆಲ ಬಿಟ್ಟು ಕುಣಿದಂತೆ ಅನ್ನಿಸುವುದು ಇದರಿಂದ. ದಿಕ್ಕು ಬದಲಿಸುವ ಹಲ್ಲುಗಳಲ್ಲಿ ಎಂಜಿನ್ ಶಕ್ತಿಯೂ ಚೈನಿಗಿಂತ ಜಾಸ್ತಿ ಹೋಗುತ್ತದೆ. ರೇಸ್ ಬೈಕುಗಳು ಚೈನ್ ಬಿಡದಿರುವುದು ಇದಕ್ಕೆ, ಜೊತೆಗೆ ಸ್ಪ್ರಾಕೆಟ್ ಬದಲಿಸಿ ಗೇರಿಂಗ್ ಬದಲಿಸುವ ಸೌಕರ್ಯ ಚೈನಿನಲ್ಲೇ ಸುಲಭ.

ಕೊಳ್ಳುವಾಗ

ದಿನಾ ಡಾಂಬರು ರಸ್ತೆ, ಎಣ್ಣೆ ಕೈ ಇಷ್ಟ ಇಲ್ಲ, ಅಂಥವರಿಗೆ ಬೆಲ್ಟ್ ಹೊಂದುತ್ತದೆ. ಜಲ್ಲಿ ರಸ್ತೆ ಜಾಸ್ತಿ ಇದ್ದರೆ ಬೆಲ್ಟ್ ಬೇಡ. ಲಗೇಜು ಹೇರಿಕೊಂಡು ದಿನಗಟ್ಟಲೆ ಮಳೆಯಲ್ಲಿ ಹೋಗುವವರಿಗೆ ಶಾಫ್ಟ್ ನಿಜಕ್ಕೂ ಆರಾಮ. ಹಗುರ ಬೈಕ್, ಆಫ್-ರೋಡ್, ಅಥವಾ ಯಾರ ಹಂಗೂ ಇಲ್ಲದೆ ನೀವೇ ಕೆಲಸ ಮಾಡಿಕೊಳ್ಳಬೇಕು ಅಂದರೆ ಚೈನ್.

ಹಳೇ ಬೈಕ್ ಕೊಳ್ಳುತ್ತಿದ್ದರೆ ಚೈನನ್ನು ನೀವೇ ಮೂರು ಜಾಗದಲ್ಲಿ ಅಳೆಯಿರಿ, ಸವೆದಿದ್ದರೆ ಆ ಖರ್ಚು ಬೆಲೆಯಲ್ಲಿ ಕಳೆಯಲು ಕೇಳಬಹುದು. ಬೆಲ್ಟ್ ಬೈಕ್ ಆದರೆ ಟಾರ್ಚ್ ಹಾಕಿ ಪೂರ್ತಿ ಒಂದು ಸುತ್ತು ನೋಡಿ, ಕೊನೆಯ ಸಲ ಯಾವಾಗ ಬದಲಾಯಿಸಿದರು ಕೇಳಿ. ಶಾಫ್ಟ್ ಬೈಕ್ ಆದರೆ ಮಾಲೀಕರನ್ನು ಒಪ್ಪಿಸಿ ನಿಮ್ಮ ಎದುರಲ್ಲೇ ಹಿಂದಿನ ಪೆಟ್ಟಿಗೆಯ ಎಣ್ಣೆ ಇಳಿಸಿ. ಹೊಸ ಎಣ್ಣೆಯ ದುಡ್ಡು ನೀವೇ ಕೊಡಿ, ಬೋಲ್ಟಿನ ಆಯಸ್ಕಾಂತಕ್ಕೆ ಏನು ಅಂಟಿದೆ ನೋಡಿ. ಅವರು ಬೇಡವೇ ಬೇಡ ಅಂದರೆ ಇನ್ನೊಂದು ಬೈಕ್ ನೋಡಿ.